ಎಕ್ಸ್‌ರೇಯಲ್ಲಿ ಕಂಡ ಎರಡು ನೆರಳುಗಳು: ಟಿ.ಬಿ.ಯೇ, ಸಾರ್ಕೋಯ್ಡೋಸಿಸ್ ಎಂಬ ಕಾಯಿಲೆಯೇ?

ಕೊಲ್ಲಿಗೆ ಹೋಗುವವರ ಮನೆಗಳಲ್ಲಿ 'ಮೆಡಿಕಲ್' ಅಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ. ಅದರಲ್ಲಿ ಪಾಸಾದರೆ ವೀಸಾ, ಇಲ್ಲದಿದ್ದರೆ ಮನೆ. ಕಳೆದ ವರ್ಷ 28ರ ಹರೆಯದ ಒಬ್ಬ ಎ.ಸಿ. ಮೆಕ್ಯಾನಿಕ್ ಹುಡುಗ ಇದೇ ಪರೀಕ್ಷೆಯಲ್ಲಿ 'ಅನ್‌ಫಿಟ್' ಆಗಿ ನನ್ನ ದವಾಖಾನೆಗೆ ಬಂದ. ಜೊತೆಗೆ ಉಮ್ಮ, ಮತ್ತು ಸೋದರಮಾವ. ಕೈಯಲ್ಲಿದ್ದ ರಿಪೋರ್ಟಿನಲ್ಲಿ 'ಬೈಲ್ಯಾಟರಲ್ ಹೈಲರ್ ಲಿಂಫಡೆನೋಪಥಿ' ಎಂದು ಬರೆದಿತ್ತು.

"ಇದು ಟಿ.ಬಿ.ಯಾ ಡಾಕ್ಟ್ರೇ? ಇವನಿಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ" ಎಂದು ಉಮ್ಮ ಕೇಳಿದರು. ಮಾವನ ಬಳಿ ಆಗಲೇ ಎರಡು ಪರಿಹಾರಗಳಿದ್ದವು. ಆರು ತಿಂಗಳ ಟಿ.ಬಿ. ಮಾತ್ರೆ ಈಗಲೇ ಶುರು ಮಾಡುವುದು ಒಂದು. ನೀವೇ ಏನಾದರೂ ಮಾಜೂನ್ ಕೊಟ್ಟು ಆ ಗಡ್ಡೆ ಕರಗಿಸಿಬಿಡಿ ಎನ್ನುವುದು ಇನ್ನೊಂದು. ನಾನು ಎರಡನ್ನೂ ಒಪ್ಪಲಿಲ್ಲ.

ಮೊದಲು ಆ ಉದ್ದದ ಹೆಸರಿನ ಅರ್ಥ ತಿಳಿದುಕೊಳ್ಳಿ. ಶ್ವಾಸನಾಳ ಎರಡು ಕವಲಾಗಿ, ರಕ್ತನಾಳಗಳ ಜೊತೆ ಎಡ ಬಲ ಶ್ವಾಸಕೋಶಗಳ ಒಳಗೆ ಹೋಗುವ ಜಾಗಕ್ಕೆ 'ಹೈಲಮ್' ಎಂದು ಹೆಸರು. ಅಲ್ಲಿ ಕಾವಲುಗಾರರಂತೆ ಕೆಲವು ದುಗ್ಧರಸ ಗ್ರಂಥಿಗಳಿರುತ್ತವೆ. ಗಂಟಲು ನೋವಾದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಡ್ಡೆಗಳ ಜಾತಿಯವೇ ಇವು. ಅವು ಊದಿಕೊಂಡರೆ ಎಕ್ಸ್‌ರೇಯಲ್ಲಿ ಹೃದಯದ ಎರಡೂ ಪಕ್ಕ ಉಬ್ಬಿದ ನೆರಳು ಕಾಣುತ್ತದೆ. ನೆರಳು ಗಾತ್ರ ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ನಮ್ಮ ಯುನಾನಿ ಗ್ರಂಥಗಳಲ್ಲಿ ಕತ್ತಿನ ಗಂಟುಗಳಿಗೆ 'ಖನಾಜೀರ್' ಎಂಬ ಹೆಸರೂ ಚಿಕಿತ್ಸೆಯೂ ಇದೆ. ಆದರೆ ಎದೆಯೊಳಗಿನ ಈ ಗ್ರಂಥಿಗಳು 1895ರಲ್ಲಿ ಎಕ್ಸ್‌ರೇ ಕಂಡುಹಿಡಿಯುವವರೆಗೆ ಯಾವ ಹಕೀಮರ ಕಣ್ಣಿಗೂ ಬಿದ್ದಿರಲಿಲ್ಲ. ನಬ್ಜ್ ಹಿಡಿದು ತಿಳಿಯುವ ವಿಷಯವಲ್ಲ ಇದು.

ಯುವ ವಯಸ್ಸಿನಲ್ಲಿ ಈ ಗ್ರಂಥಿಗಳು ಊದಲು ಮುಖ್ಯವಾಗಿ ಮೂರು ಕಾರಣಗಳನ್ನು ಯೋಚಿಸುತ್ತೇವೆ. ಒಂದು ಕ್ಷಯ. ಇನ್ನೊಂದು ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್. ಮೂರನೆಯದು ಸಾರ್ಕೋಯ್ಡೋಸಿಸ್. ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ 1899ರಲ್ಲಿ ಚರ್ಮದ ಗಂಟುಗಳನ್ನು ವರ್ಣಿಸುವಾಗ ಬಳಸಿದ ಪದದಿಂದ ಈ ಕಾಯಿಲೆಗೆ ಹೆಸರು ಬಂತು. ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ದೇಹದ ರಕ್ಷಣಾ ಕೋಶಗಳು ಸರಿಯಾದ ಕಾರಣವಿಲ್ಲದೆ ಒಟ್ಟುಗೂಡಿ ಸಣ್ಣ ಸಣ್ಣ ಗುಂಪು ಕಟ್ಟುತ್ತವೆ. ಆ ಗುಂಪಿಗೆ ಗ್ರ್ಯಾನ್ಯುಲೋಮಾ ಎನ್ನುತ್ತಾರೆ. ಅವು ಹೆಚ್ಚಾಗಿ ಎದೆಯ ಗ್ರಂಥಿ ಮತ್ತು ಶ್ವಾಸಕೋಶದಲ್ಲಿ ಕಾಣುತ್ತವೆ. ಕಣ್ಣು, ಚರ್ಮ, ಯಕೃತ್ತು, ಕೆಲವೊಮ್ಮೆ ಹೃದಯದಲ್ಲೂ ಆಗಬಹುದು. 20ರಿಂದ 40ರ ವಯಸ್ಸಿನವರಲ್ಲಿ ಹೆಚ್ಚು. ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಯಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ, ನಮ್ಮ ಹುಡುಗನಿಗೆ ಆದಂತೆ.

ಕಷ್ಟ ಎಲ್ಲಿದೆಯೆಂದರೆ, ಕ್ಷಯವೂ ಗ್ರ್ಯಾನ್ಯುಲೋಮಾವನ್ನೇ ಕಟ್ಟುತ್ತದೆ. ಸಾರ್ಕೋಯ್ಡೋಸಿಸ್ ಹೆಚ್ಚಾದರೆ ಕೊಡುವ ಮದ್ದು ಸ್ಟೀರಾಯ್ಡ್. ಅದೇ ಸ್ಟೀರಾಯ್ಡನ್ನು ಟಿ.ಬಿ. ಮದ್ದಿಲ್ಲದೆ ಕ್ಷಯ ರೋಗಿಗೆ ಕೊಟ್ಟರೆ ಕ್ಷಯ ಹರಡುತ್ತದೆ. ಲಿಂಫೋಮಾ ಇದ್ದವರಿಗೆ ಕೊಟ್ಟರೆ ಗಡ್ಡೆ ಕೆಲವು ವಾರ ಕುಗ್ಗಿ, ಆಮೇಲೆ ತೆಗೆದ ಮಾದರಿಯಲ್ಲಿ ರೋಗವೇ ಗುರುತು ಸಿಗದಂತಾಗುತ್ತದೆ. ಇನ್ನೊಂದು ಕಡೆ, ಸಾರ್ಕೋಯ್ಡೋಸಿಸ್ ಇದ್ದವನಿಗೆ ಟಿ.ಬಿ. ಮಾತ್ರೆ ಕೊಟ್ಟರೆ ಆರು ತಿಂಗಳು ಯಕೃತ್ತಿಗೆ ಹೊರೆ, ಹೆಗಲಿಗೆ ಟಿ.ಬಿ. ರೋಗಿ ಎಂಬ ಹಣೆಪಟ್ಟಿ. ಅದಕ್ಕೇ ಮುಂದಿನ ಪರೀಕ್ಷೆಗಳು ಬೇಕಾಗುವುದು.

ಹುಡುಗನನ್ನು ಕೂರಿಸಿ ವಿಚಾರಿಸಿದೆ. ಸಂಜೆ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಕೆ ಯಾವುದೂ ಇರಲಿಲ್ಲ. ಮನೆಯಲ್ಲಿ, ಕೆಲಸದ ಜಾಗದಲ್ಲಿ ಟಿ.ಬಿ. ಇದ್ದವರಿಲ್ಲ. ಕಣಕಾಲಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಬಂದದ್ದುಂಟೇ, ಕಣ್ಣು ಕೆಂಪಾಗಿ ಬೆಳಕು ಚುಚ್ಚಿದ್ದುಂಟೇ ಎಂದೂ ಕೇಳಿದೆ. ಇಲ್ಲ ಎಂದ. ಕುತ್ತಿಗೆ, ಕಂಕುಳು ಮುಟ್ಟಿ ನೋಡಿದೆ. ಅಲ್ಲಿ ಗಡ್ಡೆ ಸಿಕ್ಕಿದ್ದರೆ ಮಾದರಿ ತೆಗೆಯುವುದು ಸುಲಭವಾಗುತ್ತಿತ್ತು. ಸಿಗಲಿಲ್ಲ. ಬಹಳ ಉಪಯೋಗಕ್ಕೆ ಬಂದದ್ದು ಉಮ್ಮ ಕಪಾಟಿನಿಂದ ಹುಡುಕಿ ತಂದ ಎರಡು ವರ್ಷ ಹಿಂದಿನ ಎಕ್ಸ್‌ರೇ. ಅದರಲ್ಲಿ ನೆರಳಿರಲಿಲ್ಲ. ಅಂದರೆ ಇದು ಹಳೆಯ ಗಾಯದ ಗುರುತಲ್ಲ, ಹೊಸತು. ದಯವಿಟ್ಟು ಹಳೆಯ ಫಿಲ್ಮುಗಳನ್ನು ಎಸೆಯಬೇಡಿ.

ಒಂದು ಮಾತು ಅವನು ತಾನಾಗಿ ಹೇಳಲಿಲ್ಲ, ಕೇಳಿದ ಮೇಲೆ ಹೇಳಿದ. ಸುಸ್ತು ಎಂದು ಯಾರೋ ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದರಂತೆ ಮೂರು ತಿಂಗಳಿಂದ ಸೇವಿಸುತ್ತಿದ್ದ. ಅದರ ಜೊತೆಗೆ ಕುಶ್ತಾ ಸದಫ್ ಬೇರೆ. ಕುಶ್ತಾ ಸದಫ್ ಎಂದರೆ ಚಿಪ್ಪಿನ ಭಸ್ಮ, ಕುಶ್ತಾ ಮರ್ಜಾನ್ ಎಂದರೆ ಹವಳದ್ದು. ಎರಡರಲ್ಲೂ ಇರುವುದು ಸುಣ್ಣವೇ, ಅಂದರೆ ಕ್ಯಾಲ್ಸಿಯಂ. ಸಾರ್ಕೋಯ್ಡೋಸಿಸ್‌ನಲ್ಲಿ ಆ ಗ್ರ್ಯಾನ್ಯುಲೋಮಾಗಳೇ ವಿಟಮಿನ್ ಡಿಯನ್ನು ಅದರ ಚುರುಕಾದ ರೂಪಕ್ಕೆ ತಿರುಗಿಸುತ್ತವೆ, ದೇಹದ ಲಗಾಮಿಗೆ ಸಿಗದಂತೆ. ಆಗ ಕರುಳು ಕ್ಯಾಲ್ಸಿಯಂ ಹೆಚ್ಚು ಹೀರಿ ರಕ್ತದಲ್ಲಿ ಅದು ಏರುತ್ತದೆ. ಬಾಯಾರಿಕೆ, ಮಲಬದ್ಧತೆ, ಮೂತ್ರ ಹೆಚ್ಚು ಹೋಗುವುದು, ಮೂತ್ರಪಿಂಡದಲ್ಲಿ ಕಲ್ಲು ಇವು ಅದರ ಪರಿಣಾಮ. ಆದರೆ ಸಾಮಾನ್ಯವಾಗಿ ಮಾಡಿಸುವ ವಿಟಮಿನ್ ಡಿ ರಕ್ತಪರೀಕ್ಷೆಯಲ್ಲಿ ಮಟ್ಟ ಕಡಿಮೆಯೆಂದೇ ಬರಬಹುದು, ಏಕೆಂದರೆ ಆ ಪರೀಕ್ಷೆ ಅಳೆಯುವುದು ಚುರುಕಾಗುವ ಮುಂಚಿನ ರೂಪವನ್ನು. ಬಿಸಿಲು ತಾಗದ ನಮ್ಮ ಹೆಂಗಸರಲ್ಲಿ ಈ ಮಟ್ಟ ಕಡಿಮೆ ಇರುವುದು ಹೇಗೂ ಸಾಮಾನ್ಯ. ಹಾಗಾಗಿ ಎದೆಯಲ್ಲಿ ಇಂತಹ ಗ್ರಂಥಿ ಕಂಡವರು ಕ್ಯಾಲ್ಸಿಯಂ ನೋಡಿಸದೆ ವಿಟಮಿನ್ ಡಿ ನುಂಗಬಾರದು. ಈ ಹುಡುಗನ ಕ್ಯಾಲ್ಸಿಯಂ 11.2 ಇತ್ತು. ಸಾಮಾನ್ಯ ಮೇಲ್ಮಿತಿ ಸುಮಾರು 10.5. ಎರಡನ್ನೂ ಅಂದೇ ನಿಲ್ಲಿಸಿದೆ. ಅದರಲ್ಲೊಂದು ನಮ್ಮದೇ ಪದ್ಧತಿಯ ಮದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಅಲ್ಲಿಂದ ಅವನನ್ನು ಶ್ವಾಸಕೋಶ ತಜ್ಞರ ಬಳಿ ಕಳಿಸಿದೆ. ಅವರು ಕಾಂಟ್ರಾಸ್ಟ್ ಚುಚ್ಚಿ ಎದೆಯ ಸಿ.ಟಿ. ಮಾಡಿಸಿದರು. ಎರಡೂ ಬದಿಯ ಗ್ರಂಥಿಗಳು ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಇದು ಸಾರ್ಕೋಯ್ಡೋಸಿಸ್ ಕಡೆಗೆ ಬೊಟ್ಟು ಮಾಡುತ್ತದೆ. ಒಂದೇ ಬದಿಯಲ್ಲಿದ್ದರೆ, ಅಥವಾ ಗ್ರಂಥಿಯ ನಡುಭಾಗ ಕೊಳೆತಂತೆ ಕಪ್ಪಾಗಿ ಅಂಚು ಮಾತ್ರ ಹೊಳೆದರೆ ಕ್ಷಯದ ಶಂಕೆ ಬಲವಾಗುತ್ತದೆ. ಮುಂಗೈಗೆ ಮಾಂಟೂ ಚುಚ್ಚುಮದ್ದು ಹಾಕಿ ಮೂರನೇ ದಿನ ನೋಡಿದಾಗ ಏನೂ ಉಬ್ಬಿರಲಿಲ್ಲ. ಸಾರ್ಕೋಯ್ಡೋಸಿಸ್‌ನಲ್ಲಿ ಹಾಗೆ ಆಗುವುದು ಸಾಮಾನ್ಯ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ನಮ್ಮ ದೇಶದಲ್ಲಿ ಮಾಂಟೂ ಉಬ್ಬಿದರೆ ಹಿಂದೆಂದೋ ಸೋಂಕು ತಾಗಿದ್ದರಿಂದಲೂ ಇರಬಹುದು, ಉಬ್ಬದಿದ್ದರೆ ಟಿ.ಬಿ. ಇಲ್ಲವೆಂದೂ ಅಲ್ಲ. ಎ.ಸಿ.ಇ. ಎಂಬ ರಕ್ತಪರೀಕ್ಷೆಯ ಕಥೆಯೂ ಹೀಗೆಯೇ. ಹೆಚ್ಚಿದ್ದರೆ ಒಂದು ಸುಳಿವು, ಅಷ್ಟೆ.

ನಿರ್ಣಯಕ್ಕೆ ಬೇಕಾದದ್ದು ಗ್ರಂಥಿಯ ಒಂದು ಚೂರು. ಈಗ ಅದಕ್ಕೆ ಎದೆ ಕೊಯ್ಯಬೇಕಾಗಿಲ್ಲ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ತೆಳ್ಳನೆಯ ಕೊಳವೆಯನ್ನು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿ, ಗ್ರಂಥಿಯನ್ನು ಪರದೆಯ ಮೇಲೆ ನೋಡುತ್ತಲೇ ಸೂಜಿಯಿಂದ ಮಾದರಿ ಎಳೆಯುತ್ತಾರೆ. ಇದಕ್ಕೆ 'ಈಬಸ್' ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಮಂಪರು ಬರುವ ಮದ್ದು ಕೊಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಒಂದೆರಡು ದಿನ ಗಂಟಲು ನೋವು, ಕಫದಲ್ಲಿ ಸ್ವಲ್ಪ ರಕ್ತ ಕಾಣಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮೊದಲೇ ತಿಳಿಸಬೇಕು.

ಇಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆಯೊಂದಿದೆ: "ಟಿ.ಬಿ. ಪರೀಕ್ಷೆಗೂ ಸ್ವಲ್ಪ ಮಾದರಿ ತೆಗೆದಿಟ್ಟಿದ್ದೀರಾ?" ಸೂಕ್ಷ್ಮದರ್ಶಕದಲ್ಲಿ ನೋಡುವ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಫಾರ್ಮಲಿನ್ ತಾಗಿದರೆ ರೋಗಾಣು ಸಾಯುತ್ತದೆ, ಆ ಮಾದರಿಯಿಂದ ಕಲ್ಚರ್ ಬೆಳೆಯಲಾಗದು. ಅದಕ್ಕಾಗಿ ಒಂದು ಭಾಗವನ್ನು ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು. ಎಲ್ಲವನ್ನೂ ಫಾರ್ಮಲಿನ್ ಬಾಟಲಿಗೆ ಸುರಿದು, ಮತ್ತೊಮ್ಮೆ ಸೂಜಿ ಹಾಕಿಸಿಕೊಳ್ಳಬೇಕಾಗಿ ಬಂದ ಒಬ್ಬ ಹುಡುಗಿಯನ್ನು ನಾನು ಕಂಡಿದ್ದೇನೆ. ಎರಡನೇ ಸಲ ಕಲ್ಚರ್‌ನಲ್ಲಿ ಕ್ಷಯದ ರೋಗಾಣು ಬೆಳೆಯಿತು.

ನಮ್ಮ ಹುಡುಗನ ಚೂರಿನಲ್ಲಿ ಗ್ರ್ಯಾನ್ಯುಲೋಮಾಗಳಿದ್ದವು. ಕ್ಷಯದಲ್ಲಿ ಸಾಮಾನ್ಯವಾಗಿ ಅವುಗಳ ನಡುವೆ ಒಡೆದ ಹಾಲಿನ ಗಟ್ಟಿಯಂತೆ ಕೊಳೆತ ಭಾಗ ಇರುತ್ತದೆ. ಇಲ್ಲಿ ಇರಲಿಲ್ಲ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲೂ ಕ್ಷಯ ಸಿಗಲಿಲ್ಲ. ಆದರೂ ತಜ್ಞರು ಕಾಯಿಸಿದರು. ಗ್ರಂಥಿಯಲ್ಲಿ ರೋಗಾಣುಗಳು ಕಡಿಮೆ ಇದ್ದರೆ ಜೀನ್‌ಎಕ್ಸ್‌ಪರ್ಟ್ ತಪ್ಪಿಹೋಗಬಹುದು. ಕಲ್ಚರ್‌ಗೆ ಆರು ವಾರ ಬೇಕು. ಆ ಆರು ವಾರ ಮನೆಯವರಿಗೆ ಕಷ್ಟದ ದಿನಗಳು. ಮಾವ ಎರಡು ಬಾರಿ ಬಂದು, ಸುಮ್ಮನೆ ಕೂರುವ ಬದಲು ಏನಾದರೂ ಕೊಡಿ ಎಂದರು. ನಾನು ಕೊಡಲಿಲ್ಲ. 'ಗಡ್ಡೆ ಕರಗಿಸುವ' ಹೆಸರಿನಲ್ಲಿ ಮಾರುವ ಕೆಲವು ಪುಡಿಗಳಿಗೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಅವು ಈ ಹೊತ್ತಿನಲ್ಲಿ ಬಹಳ ಅಪಾಯ.

ಕಾಯುವ ಸಮಯದಲ್ಲಿ ಇನ್ನೆರಡು ಕೆಲಸ ಮುಗಿಸಿದರು. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರು, ಏಕೆಂದರೆ ಕಣ್ಣಿನ ಒಳಗಿನ ಉರಿಯೂತ ನೋವಿಲ್ಲದೆ ಸದ್ದಿಲ್ಲದೆ ದೃಷ್ಟಿ ಕೆಡಿಸಬಹುದು. ಒಂದು ಇ.ಸಿ.ಜಿ. ಕೂಡ ಮಾಡಿದರು, ಏಕೆಂದರೆ ಹೃದಯದ ಬಡಿತ ಸಾಗುವ ದಾರಿಯಲ್ಲಿ ಗ್ರ್ಯಾನ್ಯುಲೋಮಾ ಕೂತರೆ ತಡೆ ಉಂಟಾಗುತ್ತದೆ. ಎರಡೂ ಸರಿಯಾಗಿದ್ದವು. ಉಸಿರಾಟದ ಪರೀಕ್ಷೆಯೂ ಸರಿಯಿತ್ತು. ಐದನೇ ವಾರಕ್ಕೆ ಕ್ಯಾಲ್ಸಿಯಂ 9.8ಕ್ಕೆ ಇಳಿಯಿತು. ಆರನೇ ವಾರ ಕಲ್ಚರ್ ನೆಗೆಟಿವ್ ಬಂತು. ಎಲ್ಲವನ್ನೂ ಸೇರಿಸಿ ನೋಡಿ ಸಾರ್ಕೋಯ್ಡೋಸಿಸ್ ಎಂದು ತೀರ್ಮಾನಿಸಿದರು.

ಕಾಯಿಲೆ ಗ್ರಂಥಿಗಳಲ್ಲಿ ಮಾತ್ರ ಇದ್ದು ಶ್ವಾಸಕೋಶ ಶುದ್ಧವಾಗಿದ್ದರೆ ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗಿ ಅವನಿಗೆ ಸ್ಟೀರಾಯ್ಡ್ ಕೊಡಲಿಲ್ಲ. ಉಸಿರಾಟದ ಸಾಮರ್ಥ್ಯ ಕುಗ್ಗುತ್ತಾ ಹೋದರೆ, ಕಣ್ಣು, ಹೃದಯ, ನರಗಳಿಗೆ ತಾಗಿದರೆ, ಕ್ಯಾಲ್ಸಿಯಂ ಇಳಿಯದೆ ಉಳಿದರೆ ಆಗ ಬೇಕಾಗುತ್ತದೆ. ಜ್ವರ, ಕಣಕಾಲಿನ ನೋವಿನ ಕೆಂಪು ಗಂಟು, ಕಾಲ್ಗಂಟಿನ ಊತ ಮತ್ತು ಎರಡೂ ಬದಿಯ ಗ್ರಂಥಿ ಒಟ್ಟಿಗೆ ಕಂಡರೆ ಕೆಲವು ದೇಶಗಳಲ್ಲಿ ಸೂಜಿಯನ್ನೇ ಹಾಕದೆ ಗಮನಿಸುತ್ತಾರೆ. ಟಿ.ಬಿ. ಇಷ್ಟು ಇರುವ ನಮ್ಮಲ್ಲಿ ಆ ಧೈರ್ಯ ಮಾಡುವುದು ನನಗೆ ಸರಿ ಕಾಣದು.

ಅವನ ಆ ವೀಸಾ ಹೋಯಿತು. ಈಗ ಊರಲ್ಲೇ ಎ.ಸಿ. ರಿಪೇರಿ ಮಾಡುತ್ತಿದ್ದಾನೆ. ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾನೆ. ವರ್ಷದ ಎಕ್ಸ್‌ರೇಯಲ್ಲಿ ನೆರಳು ಅರ್ಧಕ್ಕಿಂತ ಕಡಿಮೆಯಾಗಿದೆ. ಪೂರ್ತಿ ಹೋದ ಮೇಲೆ ಮತ್ತೆ ಮೆಡಿಕಲ್‌ಗೆ ಹೋಗು ಎಂದಿದ್ದೇನೆ. ಕಣ್ಣು ಕೆಂಪಾಗಿ ಮಸುಕಾದರೆ, ಎದೆ ಡವಗುಟ್ಟಿ ತಲೆ ಸುತ್ತಿ ಬಿದ್ದರೆ, ಮೆಟ್ಟಿಲು ಹತ್ತುವಾಗ ಹಿಂದಿಲ್ಲದ ಏದುಸಿರು ಬಂದರೆ ತಾರೀಖಿಗೆ ಕಾಯದೆ ಅಂದೇ ಹೋಗಬೇಕು ಎಂದು ಬರೆದ ಚೀಟಿಯನ್ನು ಉಮ್ಮ ಎಕ್ಸ್‌ರೇ ಲಕೋಟೆಗೇ ಅಂಟಿಸಿದ್ದಾರೆ.