ಊಟದ ಪಟ್ಟಿಯಲ್ಲಿದ್ದ ಹೆಸರು ಸೀರೆಯ ಪಟ್ಟಿಗೆ ಹೋದಾಗ

ಬ್ರಿಟನ್ನಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ತೆರಿಗೆಯ ವಿಚಾರಕ್ಕೆಂದು ಬರುವವರು ಈಚೆಗೆ ಗಿರಾಕಿಗಳ ದೂರವಾಣಿ ಸಂಖ್ಯೆಗಳ ವಿಚಾರವನ್ನೂ ಎತ್ತುತ್ತಾರೆ. ಮನೆಯಲ್ಲಿಯೇ ಅಡುಗೆ ಮಾಡಿ ವಾರಕ್ಕೆ ಐದು ದಿನ ಊಟದ ಡಬ್ಬಿ ತಲುಪಿಸುವ ಪರಿಚಿತ ಮಹಿಳೆಯೊಬ್ಬರು ಕಳೆದ ವರ್ಷ ನನ್ನ ಬಳಿ ಬಂದದ್ದು ಇದೇ ಕಾರಣಕ್ಕೆ.

ಹೊಸ ಗಿರಾಕಿಗಳಿಗೆ ಅವರು ಒಂದು ಆನ್‌ಲೈನ್ ಫಾರ್ಮ್ ಕಳುಹಿಸುತ್ತಿದ್ದರು. ಹೆಸರು, ಮೊಬೈಲ್ ಸಂಖ್ಯೆ, ವಿಳಾಸ, ಯಾವ ಆಹಾರ ಒಗ್ಗುವುದಿಲ್ಲ ಎಂಬ ವಿವರ. ಕೊನೆಯಲ್ಲಿ ‘ನನ್ನ ಮಾಹಿತಿಯನ್ನು ಬಳಸಲು ಒಪ್ಪಿದ್ದೇನೆ’ ಎಂಬ ಒಂದು ಸಾಲು. ಸಂಕ್ರಾಂತಿಯ ಹೊತ್ತಿಗೆ ಅವರ ಗೆಳತಿ ಸೀರೆ ಮಾರಾಟ ಆರಂಭಿಸಿದರು. ಸ್ನೇಹಕ್ಕೆಂದು ಇವರು ತಮ್ಮ ಗಿರಾಕಿಗಳನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ ಸೀರೆಗಳ ಚಿತ್ರ ಹಾಕಿದರು. ಜನವರಿ 31ರ ಸಂಜೆ ಒಬ್ಬ ಗಿರಾಕಿಯಿಂದ ಉತ್ತರ ಬಂತು: ‘ನನ್ನ ಬಗ್ಗೆ ನಿಮ್ಮಲ್ಲಿ ಏನೇನು ಬರೆದಿಟ್ಟುಕೊಂಡಿದ್ದೀರಿ, ಎಲ್ಲವನ್ನೂ ಕಳುಹಿಸಿ. ಆಮೇಲೆ ಅಳಿಸಿಬಿಡಿ.’

“ಒಪ್ಪಿಗೆ ತೆಗೆದುಕೊಂಡಿದ್ದೇನಲ್ಲ ಅಣ್ಣ, ತಪ್ಪೇನಾಯಿತು?” ಎಂಬುದು ಅವರ ಪ್ರಶ್ನೆ.

ಇಲ್ಲಿನ ದತ್ತಾಂಶ ರಕ್ಷಣೆಯ ಕಾನೂನು, ಅಂದರೆ ಯುಕೆ ಜಿಡಿಪಿಆರ್, ಆ ಸಾಲನ್ನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಒಪ್ಪಿಗೆ ನಿರ್ದಿಷ್ಟವಾಗಿರಬೇಕು. ಯಾವುದಕ್ಕೆ ಒಪ್ಪುತ್ತಿದ್ದೇನೆಂದು ಕೊಡುವವರಿಗೆ ತಿಳಿದಿರಬೇಕು. ಅವರು ಮುಕ್ತವಾಗಿ, ತಾವಾಗಿ ಗುರುತು ಹಾಕಿ ಕೊಟ್ಟಿರಬೇಕು. ಮೊದಲೇ ಗುರುತು ಹಾಕಿಟ್ಟ ಚೌಕ ನಡೆಯದು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ‘ಮಾಹಿತಿಯನ್ನು ಬಳಸಲು’ ಎಂದರೆ ಯಾವ ಬಳಕೆ? ಗುರುತು ಹಾಕದಿದ್ದರೆ ಊಟವೇ ಇಲ್ಲ ಎಂದಾದಾಗ ಅದು ಮುಕ್ತ ಒಪ್ಪಿಗೆ ಹೇಗಾದೀತು?

ವಿಚಿತ್ರವೆಂದರೆ, ಊಟ ತಲುಪಿಸುವುದಕ್ಕೆ ಆ ಒಪ್ಪಿಗೆ ಬೇಕಾಗಿಯೇ ಇರಲಿಲ್ಲ. ಗಿರಾಕಿ ಊಟ ಕೇಳಿದ್ದಾರೆ, ಇವರು ಕೊಡಲು ಒಪ್ಪಿದ್ದಾರೆ; ಆ ಒಪ್ಪಂದವನ್ನು ನೆರವೇರಿಸಲು ಹೆಸರು, ಸಂಖ್ಯೆ, ವಿಳಾಸ ಬೇಕೇ ಬೇಕು. ಕಾನೂನಿನಲ್ಲಿ ಒಪ್ಪಂದವೇ ಪ್ರತ್ಯೇಕ ಆಧಾರ. ಸಣ್ಣ ವ್ಯಾಪಾರಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದು: ಬೇಡದ ಕಡೆ ಒಪ್ಪಿಗೆ ಕೇಳುತ್ತಾರೆ, ಬೇಕಾದ ಕಡೆ ಮರೆಯುತ್ತಾರೆ. ಈ ಫಾರ್ಮ್‌ನಲ್ಲಿ ಒಪ್ಪಿಗೆ ನಿಜವಾಗಿ ಬೇಕಾಗಿದ್ದದ್ದು ಆಹಾರ ಒಗ್ಗದಿರುವ ವಿವರಕ್ಕೆ. ‘ಕಡಲೆಕಾಯಿ ಅಲರ್ಜಿ’ ಎಂಬುದು ಆರೋಗ್ಯದ ಮಾಹಿತಿ. ಅದಕ್ಕೆ ಹೆಚ್ಚಿನ ರಕ್ಷಣೆಯಿದೆ. ಇಂಥ ಅಡುಗೆಮನೆಗೆ ಸರಿಹೊಂದುವ ದಾರಿಯೆಂದರೆ ಸ್ಪಷ್ಟ ಮಾತುಗಳಲ್ಲಿ, ಪ್ರತ್ಯೇಕವಾಗಿ ಪಡೆದ ಒಪ್ಪಿಗೆ.

ಇನ್ನು ಉದ್ದೇಶದ ಮಿತಿ. ಮಾಹಿತಿಯನ್ನು ಪಡೆಯುವಾಗ ಯಾವ ಕೆಲಸಕ್ಕೆಂದು ಹೇಳಿದೆವೋ ಆ ಕೆಲಸಕ್ಕೆ, ಅಥವಾ ಅದಕ್ಕೆ ಹೊಂದುವ ಕೆಲಸಕ್ಕೆ ಮಾತ್ರ ಬಳಸಬೇಕು. ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಸಂಖ್ಯೆ ಕೊಟ್ಟ ದಿನ ಗಿರಾಕಿ ಇದನ್ನು ನಿರೀಕ್ಷಿಸಿದ್ದರೇ? ‘ಇಂದಿನ ಪಲ್ಯದಲ್ಲಿ ತಪ್ಪಿ ಗೋಡಂಬಿ ಸೇರಿದೆ, ಒಗ್ಗದವರು ತಿನ್ನಬೇಡಿ’ ಎಂಬ ಸಂದೇಶಕ್ಕೆ ಯಾರೂ ಆಕ್ಷೇಪಿಸಲಾರರು. ಸೀರೆಯ ಚಿತ್ರವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಇದರ ಮೇಲೆ, ಗುಂಪಿಗೆ ಸೇರಿಸಿದ ಕ್ಷಣದಲ್ಲೇ ಪ್ರತಿಯೊಬ್ಬರ ಸಂಖ್ಯೆ ಉಳಿದವರಿಗೆಲ್ಲ ಕಾಣಿಸಿತು. ಸೀರೆಗಿಂತ ಇದೇ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ; ಗುಂಪನ್ನು ಅಳಿಸಿದರೂ ಕಂಡದ್ದು ಕಾಣದಂತಾಗುವುದಿಲ್ಲ.

ಜಾಹೀರಾತಿನ ಸಂದೇಶಗಳಿಗೆ 2003ರ ಇನ್ನೊಂದು ನಿಯಮಾವಳಿಯೂ ಅನ್ವಯಿಸುತ್ತದೆ. ಅದರ ಪ್ರಕಾರ ಮಿಂಚಂಚೆ, ಎಸ್ಸೆಮ್ಮೆಸ್, ವಾಟ್ಸಾಪ್ ಮೂಲಕ ವ್ಯಕ್ತಿಗಳಿಗೆ ಜಾಹೀರಾತು ಕಳುಹಿಸಲು ಮೊದಲೇ ಒಪ್ಪಿಗೆ ಬೇಕು. ತಮ್ಮಿಂದ ಕೊಂಡವರಿಗೆ ಅದೇ ಬಗೆಯ ತಮ್ಮದೇ ಸರಕಿನ ವಿಷಯ ತಿಳಿಸಲು ಒಂದು ವಿನಾಯಿತಿಯಿದೆ. ಡಬ್ಬಿಯ ಗಿರಾಕಿಗೆ ಹಬ್ಬದ ಹೋಳಿಗೆಯ ವಿಷಯ ತಿಳಿಸಬಹುದು. ಆದರೆ ಸಂಖ್ಯೆ ಪಡೆಯುವಾಗಲೂ, ಅನಂತರದ ಪ್ರತಿಯೊಂದು ಸಂದೇಶದಲ್ಲೂ ‘ಬೇಡ’ ಎನ್ನಲು ಅವಕಾಶ ಕೊಟ್ಟಿರಬೇಕು. ಇವರ ಫಾರ್ಮ್‌ನಲ್ಲಿ ಆ ಅವಕಾಶ ಇರಲಿಲ್ಲ. ಹಾಗಾಗಿ ಹಳೆಯ ಗಿರಾಕಿಗಳಿಗೆ ಹೋಳಿಗೆಯ ಜಾಹೀರಾತೂ ಸಲ್ಲದು. ಗೆಳತಿಯ ಸೀರೆಗಂತೂ ವಿನಾಯಿತಿಯೇ ಇಲ್ಲ. ಅಲ್ಲಿ ಕಳುಹಿಸಿದವರಂತೆ ಕಳುಹಿಸಲು ಪ್ರೇರೇಪಿಸಿದವರೂ ಹೊಣೆಗಾರರು. (ನಮ್ಮವರು ಕೇಳುವುದುಂಟು: ಯುಗಾದಿಯ ಶುಭಾಶಯವೂ ತಪ್ಪೇ? ಬೇವು ಬೆಲ್ಲದ ಕೆಳಗೆ ‘ಈ ವಾರ ಶೇಕಡಾ 10 ರಿಯಾಯಿತಿ’ ಎಂದಿದ್ದರೆ ಅದು ಜಾಹೀರಾತೇ.)

ಈಗ ಆ ಗಿರಾಕಿಯ ಬೇಡಿಕೆ. ಅದನ್ನು ಅರ್ಜಿಯ ನಮೂನೆಯಲ್ಲಿ ಬರೆಯಬೇಕೆಂದಿಲ್ಲ, ಕಾನೂನಿನ ಹೆಸರು ಹೇಳಬೇಕೆಂದೂ ಇಲ್ಲ. ಬಾಗಿಲಲ್ಲಿ ನಿಂತು ಬಾಯಲ್ಲಿ ಕೇಳಿದರೂ ಸಾಕು. ಒಂದು ತಿಂಗಳೊಳಗೆ ಉತ್ತರಿಸಬೇಕು, ಸಾಮಾನ್ಯವಾಗಿ ಶುಲ್ಕ ಕೇಳುವಂತಿಲ್ಲ. ಜನವರಿ 31ಕ್ಕೆ ಬಂದ ಬೇಡಿಕೆಗೆ ಸಮನಾದ ದಿನಾಂಕ ಫೆಬ್ರವರಿಯಲ್ಲಿಲ್ಲ. ಆದ್ದರಿಂದ ಗಡುವು ಫೆಬ್ರವರಿಯ ಕೊನೆಯ ದಿನ, ಅಂದು ರಜೆಯಾದರೆ ಮುಂದಿನ ಕೆಲಸದ ದಿನ.

ನಾವಿಬ್ಬರೂ ಕೂತು ಹುಡುಕಿದೆವು. ಫಾರ್ಮ್‌ನ ಉತ್ತರ, ಬಿಲ್ಲುಗಳು, ವಾಟ್ಸಾಪ್ ಮಾತುಕತೆ ಸಿಕ್ಕವು. ಹೆಸರಿನ ಕ್ರಮದಲ್ಲಿ ಬರೆದ ಆರ್ಡರ್ ಪುಸ್ತಕವೂ ಲೆಕ್ಕಕ್ಕೆ ಬರುತ್ತದೆ. ಕ್ರಮವಾಗಿ ಹುಡುಕಬಹುದಾದ ಕಾಗದದ ದಾಖಲೆಯೂ ಕಾನೂನಿನ ವ್ಯಾಪ್ತಿಯಲ್ಲಿದೆ. ಆ ಪುಸ್ತಕದಲ್ಲಿ ಈ ಗಿರಾಕಿಯ ಹೆಸರಿನ ಪಕ್ಕ ‘ತಕರಾರಿನ ಆಸಾಮಿ, ದುಡ್ಡು ಮೊದಲೇ ಕೇಳು’ ಎಂದು ಬರೆದಿತ್ತು. ಇದನ್ನೂ ಕೊಡಬೇಕೇ ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು. ಕೊಡಬೇಕು. ಬೇಡಿಕೆ ಬಂದ ಮೇಲೆ ಅದನ್ನು ಮರೆಮಾಡಲು ಹರಿದುಹಾಕುವುದು ಅಪರಾಧ. ಅದೇ ಪುಟದಲ್ಲಿದ್ದ ಬೇರೆ ಗಿರಾಕಿಗಳ ಹೆಸರುಗಳನ್ನು ಮಾತ್ರ ಮುಚ್ಚಿ ನಕಲು ತೆಗೆದೆವು.

ಅಳಿಸುವ ವಿಷಯ ಅಷ್ಟು ನೇರವಲ್ಲ. ಅಲರ್ಜಿಯ ವಿವರ, ವಿತರಣೆಯ ಪಟ್ಟಿಯಲ್ಲಿದ್ದ ವಿಳಾಸ, ಆ ಟಿಪ್ಪಣಿ, ಇವು ಇನ್ನು ಬೇಕಿಲ್ಲ, ಹೋದವು. ಬಿಲ್ಲುಗಳು ಉಳಿದವು. ಸ್ವಂತ ಉದ್ಯೋಗದವರು ಆಯಾ ತೆರಿಗೆ ವರ್ಷದ ವಿವರ ಸಲ್ಲಿಸಬೇಕಾದ ಜನವರಿ 31ರ ಗಡುವಿನಿಂದ ಕನಿಷ್ಠ 5 ವರ್ಷ ದಾಖಲೆ ಇಡಲೇಬೇಕು. ಕಾನೂನಿನ ಕರ್ತವ್ಯವಿದ್ದ ಕಡೆ ಅಳಿಸುವ ಹಕ್ಕು ಅಷ್ಟರ ಮಟ್ಟಿಗೆ ನಿಲ್ಲುತ್ತದೆ. ಆದರೆ ತೆರಿಗೆಗೆಂದು ಉಳಿದದ್ದನ್ನು ಇನ್ನಾವುದಕ್ಕೂ ಮುಟ್ಟುವಂತಿಲ್ಲ.

ಮೊಬೈಲ್ ಸಂಖ್ಯೆಯೊಂದೇ ನಮ್ಮನ್ನು ಯೋಚನೆಗೆ ಹಚ್ಚಿತು. ಜಾಹೀರಾತು ಬೇಡ ಎನ್ನುವ ಹಕ್ಕಿಗೆ ಯಾವ ವಿನಾಯಿತಿಯೂ ಇಲ್ಲ, ವ್ಯಾಪಾರಿ ವಾದಿಸುವಂತಿಲ್ಲ. ಆದರೆ ಸಂಖ್ಯೆಯನ್ನು ಎಲ್ಲೆಡೆ ಅಳಿಸಿಬಿಟ್ಟರೆ, ನಾಳೆ ಹಳೆಯ ಪಟ್ಟಿಯೊಂದರಿಂದ ಅದು ಮತ್ತೆ ಒಳಬಂದಾಗ ಬೇಡವೆಂದವರು ಇವರೇ ಎಂದು ಗುರುತಿಸುವುದು ಹೇಗೆ? ಅದಕ್ಕಾಗಿ ‘ಕಳುಹಿಸಬಾರದವರು’ ಎಂಬ ಪುಟ್ಟ ಪಟ್ಟಿಯೊಂದನ್ನು ಇಡಬೇಕಾಗುತ್ತದೆ. ಮಾಹಿತಿ ಆಯುಕ್ತರ ಕಚೇರಿಯ ಸಲಹೆಯೂ ಇದೇ. ಅಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಹೆಸರೂ ಇಲ್ಲ. ಈ ಕಾರಣವನ್ನು ಗಿರಾಕಿಗೆ ಬರೆದು ತಿಳಿಸಿದೆವು.

ಹೊಸ ಫಾರ್ಮ್‌ನಲ್ಲಿ ಆ ಹಳೆಯ ಸಾಲಿಲ್ಲ. ಮೊದಲಿಗೆ, ಹೆಸರು ಮತ್ತು ವಿಳಾಸ ಊಟ ತಲುಪಿಸಲು ಹಾಗೂ ಲೆಕ್ಕಕ್ಕೆ ಮಾತ್ರ ಎಂಬ ಸೂಚನೆ. ಅಲ್ಲಿ ಚೌಕವೇ ಇಲ್ಲ. ಅಲರ್ಜಿಯ ಕೆಳಗೆ ‘ಅಡುಗೆಯಲ್ಲಿ ಎಚ್ಚರ ವಹಿಸಲು ಈ ವಿವರ ಇಟ್ಟುಕೊಳ್ಳಲು ಒಪ್ಪುತ್ತೇನೆ’ ಎಂಬ ಖಾಲಿ ಚೌಕ. ಕೊನೆಯಲ್ಲಿ ‘ನಿಮ್ಮ ಹಬ್ಬದ ತಿಂಡಿಗಳ ವಿಷಯವನ್ನು ವಾಟ್ಸಾಪ್‌ನಲ್ಲಿ ತಿಳಿಸಿ’ ಎಂಬ ಇನ್ನೊಂದು ಖಾಲಿ ಚೌಕ. ಗುರುತು ಹಾಕದವರಿಗೂ ಊಟ ಬರುತ್ತದೆ. ಯಾರು ಯಾವ ದಿನ ಗುರುತು ಹಾಕಿದರು, ಆಗ ಅಲ್ಲಿದ್ದ ಮಾತುಗಳೇನು ಎಂಬುದನ್ನು ಬೇರೊಂದು ಹಾಳೆಯಲ್ಲಿ ದಾಖಲಿಸುತ್ತಾರೆ. ಸೀರೆಯ ಗೆಳತಿ ತಮ್ಮದೇ ಪಟ್ಟಿಯನ್ನು ಮೊದಲಿನಿಂದ ಆರಂಭಿಸಿದ್ದಾರೆ.