ಫ್ಲ್ಯಾಟಿನ ಜಾಹೀರಾತು ಹಾಕುವ ಮುನ್ನ

ಮನೆ, ಸೈಟು ಮಾರಾಟದ ಜಾಹೀರಾತು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ನಾನು ಮೊದಲು ಕೊಡುವುದು ಒಂದು ಕರಡನ್ನು. ನಾನೇ ಕಟ್ಟಿದ್ದು: ‘ರಾಜರಾಜೇಶ್ವರಿ ನಗರ, 2 ಬಿಎಚ್‌ಕೆ, 1200 ಚದರಡಿ, 78 ಲಕ್ಷ, ಕಾವೇರಿ ನೀರು, ಮೆಟ್ರೋಗೆ 5 ನಿಮಿಷ.’ ತಪ್ಪು ಹುಡುಕಿ ಎಂದರೆ ಎಲ್ಲರೂ ಕಾಗುಣಿತ ನೋಡುತ್ತಾರೆ. ಕಾಗುಣಿತ ಸರಿಯಾಗಿಯೇ ಇದೆ.

ತೊಡಕಿರುವುದು 1200ರಲ್ಲಿ. ಮಾಲೀಕರು ಹೇಳುವುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್ ಲೆಕ್ಕ. ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೂ ಅದರಲ್ಲಿ ಸೇರಿರುತ್ತದೆ. 2016ರ ರೇರಾ ಕಾಯ್ದೆ ಹೇಳುವ ಕಾರ್ಪೆಟ್ ವಿಸ್ತೀರ್ಣವೆಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆಗಳು ಅದರ ಲೆಕ್ಕಕ್ಕೆ ಬರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಬರುವುದಿಲ್ಲ. ನಮ್ಮ ಕರಡಿನ ಮನೆಯ ಕಾರ್ಪೆಟ್ 860 ಚದರಡಿ ಎಂದಿಟ್ಟುಕೊಳ್ಳಿ. 1200ಕ್ಕೆ ಭಾಗಿಸಿದರೆ ಚದರಡಿಗೆ 6,500 ರೂಪಾಯಿ, 860ಕ್ಕೆ ಭಾಗಿಸಿದರೆ ಸುಮಾರು 9,070. ಪಕ್ಕದ ಜಾಹೀರಾತಿನವರು ಕಾರ್ಪೆಟ್ ಲೆಕ್ಕವನ್ನೇ ಕೊಟ್ಟಿದ್ದರೆ, ಪ್ರಾಮಾಣಿಕವಾಗಿ ಬರೆದ ಅವರ ಮನೆಯೇ ದುಬಾರಿಯಾಗಿ ಕಾಣುತ್ತದೆ. ಆದ್ದರಿಂದ ವಿಸ್ತೀರ್ಣದ ಮುಂದೆ ಅದು ಯಾವ ಲೆಕ್ಕ ಎನ್ನುವುದು ಇರಲೇಬೇಕು.

ಇನ್ನು ಕಾವೇರಿ ನೀರು. ಸಂಪರ್ಕ ಇರುವುದೇ ಬೇರೆ, ನಲ್ಲಿಯಲ್ಲಿ ನೀರು ಬರುವುದೇ ಬೇರೆ. ಜಲಮಂಡಳಿಯ ಇತ್ತೀಚಿನ ಬಿಲ್ ಕೇಳಿ. ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ ಎಂದೂ ಕೇಳಿ. ಬಿಲ್ ಕಳಿಸಲು ಹಿಂದೆಮುಂದೆ ನೋಡಿದರೆ ‘ಕಾವೇರಿ’ ಪದವನ್ನು ತೆಗೆದುಬಿಡಿ. ಐದು ನಿಮಿಷದ ಮೆಟ್ರೋ ನಡಿಗೆಯಲ್ಲೋ ಬೈಕಿನಲ್ಲೋ? ನಿಲ್ದಾಣದ ಹೆಸರು, ಕಿಲೋಮೀಟರ್ ಬರೆದರೆ ಜಗಳವಿಲ್ಲ.

ಬಿಲ್ಡರ್ ಮಾರುತ್ತಿರುವ ಹೊಸ ಯೋಜನೆಯಾದರೆ ಇನ್ನೊಂದು ಕೆಲಸವಿದೆ. ನೋಂದಣಿ ಬೇಕಾದ ಯೋಜನೆಯ ಜಾಹೀರಾತಿನಲ್ಲಿ ರೇರಾ ಸಂಖ್ಯೆ ಕಡ್ಡಾಯ. ಸಂಖ್ಯೆ ಇದೆ ಎಂದು ಸಮಾಧಾನಪಡಬೇಡಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ, ಅಲ್ಲಿರುವ ಯೋಜನೆಯ ಹೆಸರೂ ಅವಧಿಯೂ ತಾಳೆಯಾಗುತ್ತವೆಯೇ ನೋಡಿ. ಒಂದೇ ಬಿಲ್ಡರಿನ ಮೊದಲ ಹಂತದ ಸಂಖ್ಯೆ ಎರಡನೇ ಹಂತದ ಜಾಹೀರಾತಿಗೆ ಅಂಟಿಕೊಂಡು ಬರಬಹುದು. ಮಾಲೀಕರೇ ತಮ್ಮ ಹಳೆಯ ಫ್ಲ್ಯಾಟು ಮಾರುವಾಗ ಆ ಮಾರಾಟಕ್ಕೆಂದು ಬೇರೆ ನೋಂದಣಿ ಬೇಕಿಲ್ಲ. ಆಗ ನೋಡಬೇಕಾದದ್ದು ಇ-ಖಾತಾದಲ್ಲಿರುವ ಹೆಸರು. ಮಾರುವವರ ಹೆಸರು ಬೇರೆಯಿದ್ದರೆ ಅಧಿಕಾರ ಪತ್ರ ಕೇಳಿ.

ಮೇಜಿನ ಮೇಲೆ ಅಂಟಿಸಿಕೊಳ್ಳಲು ಇಷ್ಟು ಸಾಕು:

- ವಿಸ್ತೀರ್ಣ: ಕಾರ್ಪೆಟ್ಟೋ ಸೂಪರ್ ಬಿಲ್ಟ್‌ಅಪ್ಪೋ?
- ಬೆಲೆ: ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ? (78 ಲಕ್ಷ 7.8 ಆಗುವುದು ಒಂದು ಚುಕ್ಕೆಯಿಂದ.)
- ನೀರಿನ ಬಿಲ್ ಕಣ್ಣಾರೆ ನೋಡಿದಿರಾ?
- ಹೊಸದಾದರೆ ರೇರಾ, ಹಳೆಯದಾದರೆ ಖಾತಾ.
- ಫೋಟೋ ಇದೇ ಮನೆಯದೇ? ಗೋಡೆಯ ಮೇಲಿನ ಮಕ್ಕಳ ಫೋಟೋ ಕಾಣುತ್ತಿಲ್ಲ ತಾನೆ?
- ಫೋನ್ ಸಂಖ್ಯೆಗೆ ನೀವೇ ಕರೆ ಮಾಡಿದಿರಾ?

ಒಂದಕ್ಕೆ ಉತ್ತರ ಸಿಗದಿದ್ದರೂ ಕರಡನ್ನು ತಡೆಹಿಡಿಯಿರಿ. ಖಾಲಿ ಜಾಗಕ್ಕೆ ‘ವಿವರಗಳಿಗೆ ಸಂಪರ್ಕಿಸಿ’ ಎಂದು ತುಂಬಿಸಿ ಬಿಡುವುದನ್ನು ನಾನು ಒಪ್ಪುವುದಿಲ್ಲ.