ಐದು ವರ್ಷದ ಕೈಗೆ ಕೋಸಂಬರಿಯ ಬಟ್ಟಲು

ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ಕೋಸಂಬರಿ. ಭಾನುವಾರದ ಇಂಥ ಸಾದಾ ಊಟದಲ್ಲಿ ಐದು ವರ್ಷದ ಮಗುವಿಗೆ ಯಾವ ಪಾಲು ಕೊಡಬಹುದು ಎಂದು ಯಾರಾದರೂ ಕೇಳಿದರೆ ನಾನು ಕೋಸಂಬರಿಯ ಬಟ್ಟಲನ್ನೇ ಮುಂದಿಡುತ್ತೇನೆ. ಅದಕ್ಕೆ ಒಲೆ ಬೇಕಾಗುವುದು ಕೊನೆಯ ಒಗ್ಗರಣೆಗೆ ಮಾತ್ರ. ಉಳಿದದ್ದೆಲ್ಲ ಆರಿಸುವುದು, ತೊಳೆಯುವುದು, ಬಿಡಿಸುವುದು, ಕಲಸುವುದು. ಮಕ್ಕಳ ಬೆರಳಿಗೆ ಒಗ್ಗುವ ಕೆಲಸ. ಎರಡನೇ ಕಾರಣವೂ ಇದೆ: ಎಂಟೂವರೆಗೆ ಶಾಲೆಯ ವ್ಯಾನ್ ಬರುವ ದಿನ ಇದನ್ನೆಲ್ಲ ಮಾಡಲು ಹೋಗಬಾರದು, ಅವಸರದಲ್ಲಿ ದೊಡ್ಡವರ ಕಣ್ಣು ಎರಡು ಕಡೆ ಇರುವುದಿಲ್ಲ.

ಮೊದಲು ಜಾಗ. ಅಡುಗೆಕಟ್ಟೆ ಐದು ವರ್ಷದವರ ಎದೆಮಟ್ಟಕ್ಕೆ ಬರುತ್ತದೆ. ಸ್ಟೂಲ್ ಹಾಕಿ ಹತ್ತಿಸಿದರೆ ಮಗು ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಕೆಲಸ ಮಾಡುತ್ತದೆ, ಸ್ವಲ್ಪ ವಾಲಿದರೆ ಸ್ಟೂಲೂ ವಾಲುತ್ತದೆ. ನಮ್ಮ ಅಜ್ಜಿಯಂದಿರ ಹಾಗೆ ನೆಲದ ಮೇಲೆ ಚಾಪೆ ಹಾಸಿ ಕೂರಿಸುವುದೇ ಮೇಲು. ಎದುರಿಗೆ ಅಂಚಿರುವ ದೊಡ್ಡ ತಟ್ಟೆಯೊಂದನ್ನು ಇಟ್ಟರೆ ಚೆಲ್ಲಿದ್ದೆಲ್ಲ ಅದರಲ್ಲೇ ಉಳಿಯುತ್ತದೆ. ಆದರೆ ಮಗು ನೆಲದಲ್ಲಿ ಕೂತಿರುವಷ್ಟು ಹೊತ್ತು ಈಳಿಗೆಮಣೆಯಾಗಲಿ, ತುರಿಮಣೆಯಾಗಲಿ, ಬಿಸಿ ಪಾತ್ರೆಯಾಗಲಿ ನೆಲಕ್ಕೆ ಇಳಿಯಕೂಡದು. ಸೋಪು ಹಾಕಿ ಕೈ ತೊಳೆಸಿ, ಕೂದಲು ಕಟ್ಟಿ, ಜೋಲುವ ತೋಳನ್ನು ಮಡಚಿದರೆ ಆಯಿತು.

ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆ ಸಾಕು. ಅಳೆಯುವುದು ಮಗುವೇ. ಬೇಳೆಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಕಲ್ಲು, ಸಿಪ್ಪೆ, ಕಪ್ಪು ಕಾಳು ಹುಡುಕಲು ಹೇಳಿ. ಸಣ್ಣ ಕಣ್ಣುಗಳು ಇದರಲ್ಲಿ ಚುರುಕು, ಆದರೆ ಐದಾರು ನಿಮಿಷ ಕಳೆದರೆ ಆಟ ಶುರುವಾಗುತ್ತದೆ. ನಾವು ಒಮ್ಮೆ ಕೈಯಾಡಿಸಿಯೇ ಮುಂದೆ ಹೋಗಬೇಕು. ಇಲ್ಲಿರುವ ನಿಜವಾದ ಅಪಾಯ ಮೂಗು ಮತ್ತು ಕಿವಿಯದು. ಈ ವಯಸ್ಸಿನಲ್ಲಿ ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಮಕ್ಕಳುಂಟು. ಹಾಗಾದರೆ ಹೇರ್‌ಪಿನ್‌ನಿಂದ ಕೆದಕಬೇಡಿ, ಒಳಕ್ಕೆ ಜಾರುತ್ತದೆ. ಕಿವಿಗೆ ನೀರು ಹಾಕಲೂಬೇಡಿ, ಬೇಳೆ ನೆಂದು ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ನೇರ ವೈದ್ಯರ ಬಳಿ ಕರೆದೊಯ್ಯಿರಿ.

ತೊಳೆದ ಬೇಳೆ ನೆನೆಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನೆನೆದಿದೆಯೇ ಎಂದು ನೋಡುವ ಅಧಿಕಾರವನ್ನೂ ಮಗುವಿಗೇ ಕೊಡಿ. ಆಗಾಗ ಒಂದು ಕಾಳು ತೆಗೆದು ಉಗುರಿನಿಂದ ಅದುಮಲಿ. ಮೊದಲು ಉಗುರು ಜಾರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಗೀರು ಬೀಳುತ್ತದೆ, ಕೊನೆಗೆ ಕಾಳು ಸಲೀಸಾಗಿ ಎರಡಾಗಿ ಒಡೆಯುತ್ತದೆ ಮತ್ತು ಒಳಗೆ ಬಿಳಿ ಗಟ್ಟಿ ಭಾಗ ಉಳಿದಿರುವುದಿಲ್ಲ. ಆಗ ಜರಡಿಗೆ ಸುರಿದು ನೀರು ಪೂರ್ತಿ ಬಸಿಯಬೇಕು. ಬಿಟ್ಟರೆ ಮಧ್ಯಾಹ್ನದವರೆಗೆ ಅದುಮುತ್ತಲೇ ಕೂರುವ ಮಕ್ಕಳಿದ್ದಾರೆ, ಬೇಳೆ ಎಣಿಸಿ ಅಳೆದಿಲ್ಲವಲ್ಲ, ಹೋದರೆ ಹೋಗಲಿ.

ಈ ಒಂದು ಗಂಟೆ ಪಲ್ಯದ ಬೀನ್ಸಿಗೆ. ತುದಿಯನ್ನು ಉಗುರಿನಿಂದ ಮುರಿದು ಕೆಳಕ್ಕೆ ಎಳೆದರೆ ನಾರು ಬರುತ್ತದೆ, ಆಮೇಲೆ ಬೆರಳಿನಲ್ಲೇ ತುಂಡು ಮಾಡಬಹುದು. ಚಾಕು ಬೇಡವೇ ಬೇಡ. ಎಳೆಯ ಬೀನ್ಸ್ ಟಕ್ಕೆಂದು ಮುರಿಯುತ್ತದೆ. ಬಾಡಿದ್ದು ಬಾಗುತ್ತದೆ, ಅಂಥದ್ದನ್ನು ಮಗು ಬೇರೆ ಇಡಲಿ. ತುಂಡುಗಳು ಒಂದೇ ಅಳತೆ ಇರುವುದಿಲ್ಲವಾದ್ದರಿಂದ ತೀರ ಉದ್ದನೆಯವನ್ನು ನಾವು ಇನ್ನೊಮ್ಮೆ ಮುರಿದುಕೊಳ್ಳಬೇಕು, ಇಲ್ಲದಿದ್ದರೆ ಪಲ್ಯದಲ್ಲಿ ಅವು ಬೇಯದೆ ಉಳಿಯುತ್ತವೆ. ಅವರೆಕಾಯಿ ಕಾಲವಾದರೆ ಬೀನ್ಸನ್ನು ಬಿಟ್ಟು, ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಹಿತುಕಲು ಕೊಡಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಕೆಲವು ಸೋಫಾದ ಕೆಳಗೂ ಹೋಗುತ್ತವೆ. ಇದಕ್ಕಿಂತ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ ನಮ್ಮ ಅಡುಗೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸೌತೆಕಾಯಿಗೆ ಬಂದಾಗ ಹೆಚ್ಚಿನವರು ಹೆದರುತ್ತಾರೆ, ಅದು ಸರಿಯೇ. ಆದರೆ ಹೆದರಬೇಕಾದದ್ದು ಚಾಕುವಿಗೆ ಎಷ್ಟೋ, ಉರುಳುವ ಕಾಯಿಗೂ ಅಷ್ಟೇ. ದುಂಡನೆಯ ಕಾಯಿ ಒತ್ತಿದೊಡನೆ ಉರುಳುತ್ತದೆ, ಚಾಕು ಜಾರಿ ಬೆರಳಿಗೆ ಬರುತ್ತದೆ. ಹಾಗಾಗಿ ಸಿಪ್ಪೆ ತೆಗೆದು, ಕಹಿ ನೋಡಿ, ಉದ್ದುದ್ದ ಸೀಳುವುದು ದೊಡ್ಡವರ ಕೆಲಸ. ಮಗುವಿಗೆ ಸಿಗುವುದು ಬೆರಳುದ್ದದ, ಒಂದು ಮೈ ಚಪ್ಪಟೆಯಾಗಿರುವ ಸೀಳು. ಚಪ್ಪಟೆ ಮೈ ಕೆಳಗೆ ಮಾಡಿ ಇಟ್ಟರೆ ಅದು ಅಲುಗದು. ಚಾಕು ಮೊಂಡಾಗಿರಲಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುವಂಥದ್ದು, ಸಣ್ಣ ಹಲ್ಲುಗಳಿದ್ದರೆ ಒಳ್ಳೆಯದು. ಸೀಳನ್ನು ಹಿಡಿದ ಕೈಯ ಬೆರಳತುದಿಗಳು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಿರಬೇಕು. ನೀವು ಪಕ್ಕದಲ್ಲೇ ಕೂತಿರಬೇಕು, ಫೋನ್ ಬಂದರೆ ಮೊದಲು ಚಾಕು ನಿಮ್ಮ ಕೈಗೆ. ಇದೇ ಕ್ಯಾರೆಟ್ ಆದರೆ ಕೊಡಬೇಡಿ. ಗಟ್ಟಿ ತರಕಾರಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಚಾಕು ಮೊಂಡಾದರೂ ನಂಬುವಂತಿಲ್ಲ.

ಕೊತ್ತಂಬರಿ ಎಲೆ ಬಿಡಿಸುವುದು, ಒಗ್ಗರಣೆಗೆ ಕರಿಬೇವನ್ನು ಕಡ್ಡಿಯಿಂದ ಜಾರಿಸುವುದು ಮಗುವಿನ ಪಾಲಿಗಿರಲಿ. ತೆಂಗಿನಕಾಯಿ ತುರಿಯುವುದು ನಿಮಗಿರಲಿ. ಹಸಿಮೆಣಸಿನಕಾಯಿಯನ್ನಂತೂ ಮಗು ಮುಟ್ಟುವುದೇ ಬೇಡ, ಏಕೆಂದರೆ ಮಕ್ಕಳ ಕೈ ಗಳಿಗೆಗೊಮ್ಮೆ ಕಣ್ಣಿಗೆ ಹೋಗುತ್ತದೆ. ಅದರ ಖಾರ ಬರೀ ನೀರಿನಲ್ಲಿ ಕರಗುವಂಥದ್ದಲ್ಲ. ಅಕಸ್ಮಾತ್ ಮುಟ್ಟಿ ಕೈ ಉರಿದರೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಬೇಳೆ, ಸೌತೆ, ಕಾಯಿತುರಿ, ಕೊತ್ತಂಬರಿಯನ್ನು ಅಗಲ ಪಾತ್ರೆಯಲ್ಲಿ ಕಲಸುವುದು ಮತ್ತೆ ಮಗುವಿನ ಸರದಿ. ಉಪ್ಪನ್ನು ಮಾತ್ರ ಡಬ್ಬದಿಂದ ಹಾಕಲು ಬಿಡಬೇಡಿ. ಬೇಕಾದಷ್ಟನ್ನು ಪುಟ್ಟ ಬಟ್ಟಲಿಗೆ ತೆಗೆದುಕೊಟ್ಟರೆ ಅದು ಎಷ್ಟು ಉದಾರವಾಗಿ ಉದುರಿಸಿದರೂ ಕೆಡುವುದಿಲ್ಲ. ಉಪ್ಪು, ನಿಂಬೆರಸ ಬೀಳುವುದು ಎಲೆ ಹಾಕುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ತಳದಲ್ಲಿ ಸಾರಾಗುತ್ತದೆ. ನಿಂಬೆಹಣ್ಣನ್ನು ಮಗು ಅಂಗೈಯಡಿ ಉರುಳಿಸಿ ಮೆತ್ತಗೆ ಮಾಡಲಿ, ನೀವು ಹೋಳು ಮಾಡಿ ಬೀಜ ತೆಗೆದುಕೊಡಿ, ಹಿಂಡುವುದನ್ನು ಮತ್ತೆ ಅದೇ ಮಾಡಲಿ. ಬೆರಳಿಗೆ ಗಾಯವಿದ್ದರೆ ಬೇಡ, ಉರಿಗೆ ಅಳು ಖಚಿತ.

ಇನ್ನು ಒಗ್ಗರಣೆ. ಸಾಸಿವೆ ಸಿಡಿದರೆ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಒಲೆಯ ಸುತ್ತ ಮೂರು ಅಡಿ ಮಗುವಿಗೆ ನಿಷಿದ್ಧ ಜಾಗ ಎಂದು ಮೊದಲೇ ಗೊತ್ತಿರಲಿ. ನೆಲದ ಟೈಲ್ಸ್ ಮೇಲೆ ಬಣ್ಣದ ಟೇಪ್ ಅಂಟಿಸಿದರೆ "ದೂರ ಹೋಗು" ಎಂದು ಕೂಗುತ್ತಿರಬೇಕಾಗಿಲ್ಲ. ಇಂಗು, ಸಾಸಿವೆ, ಕರಿಬೇವಿನ ಸಟ್ಟುಗವನ್ನು ನೀವೇ ತಂದು ಬಗ್ಗಿಸಿ, ಎಣ್ಣೆಯ ಸದ್ದು ಅಡಗಿದ ಮೇಲೆ ಚಮಚ ಕೊಡಿ. ಇಷ್ಟೆಲ್ಲ ಮಾಡಿಯೂ ಎಲ್ಲಾದರೂ ಸುಟ್ಟರೆ ನಲ್ಲಿಯ ತಣ್ಣೀರು ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಯಲಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಐಸು ಯಾವುದೂ ಬೇಡ. ಗುಳ್ಳೆ ಎದ್ದರೆ, ಅಥವಾ ಸುಟ್ಟದ್ದು ಮುಖವೋ ಕೈಯೋ ಆದರೆ ವೈದ್ಯರಿಗೆ ತೋರಿಸಿ.

ತಟ್ಟೆ, ಲೋಟ ಜೋಡಿಸುವುದು ಮಗುವಿನ ಕೊನೆಯ ಕೆಲಸ. ಸ್ಟೀಲಿನವಾಗಿರಲಿ, ಒಂದೊಂದಾಗಿ ಒಯ್ಯಲಿ. "ಅಪ್ಪಂಗೆ ಒಂದು, ಅಜ್ಜಿಗೆ ಒಂದು" ಎಂದು ಲೆಕ್ಕ ಅದೇ ಹಾಕಿಕೊಳ್ಳುತ್ತದೆ. ಬಿಸಿ ಸಾರಿನ ಪಾತ್ರೆ ಮಾತ್ರ ಮಗು ತನ್ನ ತಟ್ಟೆಯ ಮುಂದೆ ಕೂತ ಮೇಲೆಯೇ ಒಳಗಿನಿಂದ ಬರಲಿ, ಅದರ ಕೈಗೆಟುಕದ ಕಡೆ ಇಳಿಯಲಿ.